ಫೋಟೋದಲ್ಲಿ ಬಂದ ಪಹಣಿಯನ್ನು ಓದುವುದು: ಸರ್ವೆ ನಂಬರು, ಹೆಸರು, ವಿಸ್ತೀರ್ಣ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಹೊಲದ ಕಾಗದ ಈಗ ಕೈಯಿಂದ ಕೈಗೆ ಹೋಗುವುದಕ್ಕಿಂತ ಮೊಬೈಲಿನಿಂದ ಮೊಬೈಲಿಗೆ ಹೋಗುವುದೇ ಹೆಚ್ಚು. ಪುಣೆಗೋ ಹೈದರಾಬಾದಿಗೋ ದುಡಿಯಲು ಹೋದವರು ಅಲ್ಲಿಂದಲೇ ಪಹಣಿಯ ಫೋಟೋ ಕಳಿಸುತ್ತಾರೆ. ತೊಗರಿಯ ಬೆಳೆ ವಿಮೆಗೆ, ಸೊಸೈಟಿಯ ಸಾಲಕ್ಕೆ, ವಕೀಲರ ಕಡತಕ್ಕೆ, ಪಾಲು ಪಟ್ಟಿಗೆ ಆ ಫೋಟೋದಿಂದ ಮೂರು ಸಂಗತಿಗಳನ್ನು ಬರೆದುಕೊಳ್ಳಬೇಕಾಗುತ್ತದೆ: ಸರ್ವೆ ನಂಬರು, ಹೊಲ ಯಾರ ಹೆಸರಿನಲ್ಲಿದೆ, ಎಷ್ಟು ಎಕರೆ ಎಷ್ಟು ಗುಂಟೆ. ಈ ಕೆಲಸದಲ್ಲಿ ಹಾನಿಯಾಗುವುದು ಓದಲು ಬಾರದ್ದರಿಂದಲ್ಲ. ಮಸುಕಾದ ಅಕ್ಷರವನ್ನು ಊಹಿಸಿ ಓದಿ, ಅದು ಊಹೆ ಎಂದು ಎಲ್ಲಿಯೂ ಬರೆದಿಡದೆ ಹೋಗುವುದರಿಂದ.

ಪಹಣಿಯಲ್ಲಿ ನೋಡಬೇಕಾದ ಜಾಗಗಳು

ಪಹಣಿಯ ಪೂರ್ಣ ಹೆಸರು ಗೇಣಿ ಮತ್ತು ಪಹಣಿ ಪತ್ರಿಕೆ, ನಮೂನೆ 16. ಜನ ಇದನ್ನೇ ಆರ್‌ಟಿಸಿ ಎನ್ನುತ್ತಾರೆ. 2000ದ ಇಸವಿಯ ಸುಮಾರಿಗೆ ಭೂಮಿ ಯೋಜನೆ ಬಂದ ಮೇಲೆ ಕೈಬರಹದ ಪಹಣಿ ನಿಂತು ಕಂಪ್ಯೂಟರ್ ಪ್ರತಿ ಬಂದಿತು. ತಲೆಬರಹದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಇರುತ್ತವೆ. 1 ಮತ್ತು 2ನೇ ಕಾಲಂ ಸರ್ವೆ ನಂಬರು ಹಾಗೂ ಹಿಸ್ಸಾ. 3ನೇ ಕಾಲಂ ವಿಸ್ತೀರ್ಣ. 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, ತಂದೆಯ ಇಲ್ಲವೆ ಗಂಡನ ಹೆಸರು, ಪ್ರತಿಯೊಬ್ಬರ ಪಾಲಿನ ವಿಸ್ತೀರ್ಣ, ಖಾತಾ ನಂಬರು. 10ರಲ್ಲಿ ಆ ಹೆಸರು ಹೇಗೆ ಬಂತು ಎಂಬುದಕ್ಕೆ ಮ್ಯುಟೇಷನ್ ಸಂಖ್ಯೆ. 11ರಲ್ಲಿ ಸಾಲ ಮತ್ತಿತರ ಹಕ್ಕುಗಳು. 12ನೇ ಕಾಲಂನಲ್ಲಿ ಸಾಗುವಳಿ ಮಾಡುವವರ ಹೆಸರು ಬರುತ್ತದೆ. ಅದನ್ನು ಮಾಲೀಕರ ಹೆಸರೆಂದು ಬರೆದುಕೊಳ್ಳುವ ತಪ್ಪು, ಫೋಟೋದಲ್ಲಿ ಪುಟದ ಬಲಭಾಗ ಮಾತ್ರ ಸ್ಪಷ್ಟವಾಗಿದ್ದಾಗ ಆಗುತ್ತದೆ. ಹೆಸರಿಗೆ ಯಾವಾಗಲೂ 9ನೇ ಕಾಲಂ.

ತಲೆಬರಹವನ್ನು ಬಿಟ್ಟು ಕಾಲಂಗಳ ಫೋಟೋ ಮಾತ್ರ ಕಳಿಸುವವರು ಬಹಳ. ಗ್ರಾಮದ ಹೆಸರಿಲ್ಲದ ಸರ್ವೆ ನಂಬರಿನಿಂದ ಏನೂ ಸಿಗುವುದಿಲ್ಲ, ಏಕೆಂದರೆ ಪ್ರತಿ ಗ್ರಾಮದಲ್ಲೂ ಸರ್ವೆ ನಂಬರು 1ರಿಂದಲೇ ಶುರುವಾಗುತ್ತದೆ. ಈ ಭಾಗದಲ್ಲಿ ಇನ್ನೊಂದು ತೊಡಕೂ ಇದೆ. ಶಹಾಬಾದ್ ಮತ್ತು ಕಾಳಗಿ 2017ರ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳು. ಅದಕ್ಕೂ ಮೊದಲು ತೆಗೆದ ಪಹಣಿಯಲ್ಲಿ ಶಹಾಬಾದಿನ ಹೊಲಕ್ಕೂ ತಾಲ್ಲೂಕು ಚಿತ್ತಾಪುರ ಎಂದೇ ಇರುತ್ತದೆ. ಬರೆದುಕೊಳ್ಳುವವರು ಅದನ್ನು ತಿದ್ದಬಾರದು. ಕಾಗದದಲ್ಲಿ ಚಿತ್ತಾಪುರ ಇದ್ದರೆ ಚಿತ್ತಾಪುರ ಎಂದೇ ಬರೆದು, ಈಗ ಶಹಾಬಾದ್ ಎಂಬುದನ್ನು ಪಕ್ಕದಲ್ಲಿ ಬೇರೆಯಾಗಿ ನಮೂದಿಸಬೇಕು. ಇವತ್ತಿನ ಜಾಲತಾಣದಲ್ಲಿ ಹುಡುಕುವಾಗ ಹೊಸ ತಾಲ್ಲೂಕು ಬೇಕು. ಹಳೆಯ ಕ್ರಯಪತ್ರದೊಂದಿಗೆ ತಾಳೆ ನೋಡುವಾಗ ಹಳೆಯದೇ ಬೇಕು.

ಫೋಟೋ ಹೇಗಿರಬೇಕು

ಪಹಣಿ ಅಗಲವಾದ ಕಾಗದ. ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟಿರುತ್ತಾರೆ, ಮಡಿಕೆಯ ಗೆರೆ ಎಷ್ಟೋ ಸಲ ಹೆಸರು, ವಿಸ್ತೀರ್ಣಗಳ ಮೇಲೆಯೇ ಹಾದಿರುತ್ತದೆ. ಒಂದೇ ಫೋಟೋದಲ್ಲಿ ಪೂರ್ತಿ ಪುಟ ಹಿಡಿದರೆ ಅಂಕಿಗಳು ಸಣ್ಣಗಾಗಿ ಉಳಿಯುತ್ತವೆ. ಆದ್ದರಿಂದ ಪೂರ್ತಿ ಪುಟದ ಒಂದು ಫೋಟೋ, ತಲೆಬರಹ, 3ನೇ ಕಾಲಂ ಮತ್ತು 9ನೇ ಕಾಲಂಗಳ ಹತ್ತಿರದ ಫೋಟೋ ಒಂದೊಂದು, ಹೀಗೆ ಕೇಳಿ ಪಡೆಯುವುದು ಒಳ್ಳೆಯದು. ಕಾಗದವನ್ನು ನೆಲದ ಮೇಲೆ ಚಪ್ಪಟೆಯಾಗಿ ಹಾಸಿ, ಬಾಗಿಲ ಬೆಳಕು ಪಕ್ಕದಿಂದ ಬೀಳುವಂತೆ ಇಟ್ಟು, ಮೊಬೈಲನ್ನು ಓರೆ ಮಾಡದೆ ನೇರ ಮೇಲಿನಿಂದ ಹಿಡಿಯಬೇಕು. ಲ್ಯಾಮಿನೇಷನ್ ಮಾಡಿಸಿದ ಕಾಗದಕ್ಕೆ ಫ್ಲ್ಯಾಷ್ ಹಾಕಿದರೆ ನಡುವಿನ ಅಂಕಿಗಳ ಮೇಲೆ ಬಿಳಿ ಮಚ್ಚೆ ಬೀಳುತ್ತದೆ. ವಾಟ್ಸಾಪ್‌ನಲ್ಲಿ ಸಾಮಾನ್ಯ ಫೋಟೋವಾಗಿ ಕಳಿಸಿದರೆ ಚಿತ್ರ ಕುಗ್ಗಿ 3 ಮತ್ತು 8 ಒಂದೇ ಆಗಿ ಕಾಣುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ತೆಗೆದದ್ದು ತೆಗೆದಂತೆಯೇ ಬರುತ್ತದೆ.

ಸರ್ವೆ ನಂಬರು ಬರೆಯುವ ರೀತಿ

ಭೂಮಿ ಪ್ರತಿಯಲ್ಲಿ ಸರ್ವೆ ನಂಬರು ಮೂರು ತುಂಡಾಗಿರುತ್ತದೆ, ಉದಾಹರಣೆಗೆ 114/*/2. ಮೊದಲನೆಯದು ಸರ್ವೆ ನಂಬರು, ಕೊನೆಯದು ಹಿಸ್ಸಾ, ನಡುವೆ ಬೇರೆ ಗುರುತು ಇಲ್ಲದಾಗ ನಕ್ಷತ್ರ. ಹಿಸ್ಸಾ ಅಂಕಿಯಾಗಿರಬಹುದು, ಅ, ಆ, ಇ ಎಂಬ ಅಕ್ಷರವಾಗಿರಬಹುದು, 1ಅ ಎಂಬ ಜೋಡಿಯೂ ಆಗಿರಬಹುದು. ಅ ಮತ್ತು ಆ ನಡುವಿನ ವ್ಯತ್ಯಾಸ ಮಸುಕಾದ ಫೋಟೋದಲ್ಲಿ ಅಳಿಸಿಹೋಗುವಷ್ಟು ಸಣ್ಣದು, ಆದರೆ ಹೊಲ ಮಾತ್ರ ಅಣ್ಣನದಾಗುವ ಬದಲು ತಮ್ಮನದಾಗುತ್ತದೆ. ಹಿಸ್ಸಾ ಅಕ್ಷರ ನೂರಕ್ಕೆ ನೂರು ಸ್ಪಷ್ಟವಿಲ್ಲದಿದ್ದರೆ ಸಂಶಯ ಎಂದು ಗುರುತು ಹಾಕಲೇಬೇಕು.

ಪೈಕಿ ಎಂಬ ಗುರುತನ್ನೂ ಬಿಡಬಾರದು. ದೊಡ್ಡ ಸರ್ವೆ ನಂಬರಿನ ಒಂದು ಭಾಗ ಮಾರಾಟವಾಗಿಯೋ ಮಂಜೂರಾಗಿಯೋ ಬಂದು, ಅಳತೆಯಾಗಿ ಪೋಡಿ ಆಗದೆ ಉಳಿದಾಗ ಪೈಕಿ ಪಹಣಿ ಇರುತ್ತದೆ. ಪೈಕಿ ಬಿಟ್ಟು ಬರೀ ಮೂಲ ನಂಬರು ಬರೆದುಕೊಂಡರೆ ಬೇರೆಯವರ ಹೊಲವೂ ಸೇರಿದ ದೊಡ್ಡ ನಂಬರಿಗೆ ಹೋಗಿ ನಿಲ್ಲುತ್ತೇವೆ.

ಸರ್ವೆ ನಂಬರಿನಲ್ಲಿ ಒಂದು ಅಂಕಿ ಮಸುಕಾದರೆ ಅದನ್ನು ಆ ಪುಟದ ಯಾವ ಲೆಕ್ಕವೂ ಬಿಡಿಸಿಕೊಡುವುದಿಲ್ಲ. ವಿಸ್ತೀರ್ಣಕ್ಕೂ ಸರ್ವೆ ನಂಬರಿಗೂ ಇರುವ ವ್ಯತ್ಯಾಸ ಇದು. ಅದಕ್ಕೆ ಹೊರಗಿನ ಸಾಕ್ಷಿಯೇ ಬೇಕು.

ವಿಸ್ತೀರ್ಣ ಎಂದರೆ ಒಂದು ಅಂಕಿಯಲ್ಲ

ಪಹಣಿಯಲ್ಲಿ 4.20 ಎಂದಿದ್ದರೆ ಅದು ನಾಲ್ಕು ಎಕರೆ ಇಪ್ಪತ್ತು ಗುಂಟೆ, ಅಂದರೆ ನಾಲ್ಕೂವರೆ ಎಕರೆ. ಆ ಚುಕ್ಕೆ ದಶಮಾಂಶದ ಚುಕ್ಕೆಯಲ್ಲ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ, ಒಂದು ಗುಂಟೆ 1,089 ಚದರ ಅಡಿ. 4.20ನ್ನು ನಾಲ್ಕು ದಶಮಾಂಶ ಎರಡು ಎಂದು ತಿಳಿದರೆ 4 ಎಕರೆ 8 ಗುಂಟೆಯಾಗಿ, 12 ಗುಂಟೆ ಹೊಲ ಕಾಗದದ ಮೇಲೆ ಮಾಯವಾಗುತ್ತದೆ. ಎಕ್ಸೆಲ್‌ನಲ್ಲಿ ಹಾಗೇ ತುಂಬಿದರೆ ಕೊನೆಯ ಸೊನ್ನೆ ತಾನಾಗಿ ಬಿದ್ದುಹೋಗಿ 4.2 ಉಳಿಯುತ್ತದೆ. ನಾಳೆ ಅದನ್ನು ನೋಡಿದವರು 4 ಎಕರೆ 2 ಗುಂಟೆ ಎಂದು ಓದುತ್ತಾರೆ. ಎಕರೆಗೆ ಒಂದು ಮನೆ, ಗುಂಟೆಗೆ ಇನ್ನೊಂದು ಮನೆ ಮಾಡಿ ತುಂಬುವುದೊಂದೇ ದಾರಿ. ಲೆಕ್ಕ ಮಾಡುವಾಗ ಎಲ್ಲವನ್ನೂ ಗುಂಟೆಗೆ ತಂದು ಕೂಡಿಸಬೇಕು.

ಗುಂಟೆಯ ಮನೆಯಲ್ಲಿ 39ಕ್ಕಿಂತ ದೊಡ್ಡ ಅಂಕಿ ಬರಲಾರದು ಎಂಬ ನಿಯಮ ಮಸುಕಾದ ಪ್ರತಿಯನ್ನು ಓದುವವರಿಗೆ ಬಹಳ ಉಪಕಾರಿ. 1.84 ಎಂದು ಕಂಡರೆ ಅದು 84 ಅಲ್ಲವೇ ಅಲ್ಲ, 34 ಇರಬಹುದು.

3ನೇ ಕಾಲಂನಲ್ಲಿ ನಾಲ್ಕು ಸಾಲುಗಳಿವೆ: ಒಟ್ಟು ವಿಸ್ತೀರ್ಣ, ಫೂಟ್ ಖರಾಬ್ ಅ, ಫೂಟ್ ಖರಾಬ್ ಬ, ಉಳಿದದ್ದು. ಅ ಖರಾಬ್ ಎಂದರೆ ಬಂಡೆ, ಕೊರಕಲು, ಹೊಲದೊಳಗಿನ ಕಟ್ಟಡದಂಥ ಕಾರಣಕ್ಕೆ ಸಾಗುವಳಿಗೆ ಬಾರದೆಂದು ಕಂದಾಯದಿಂದ ಬಿಟ್ಟ ಜಾಗ. ಬ ಖರಾಬ್ ಎಂದರೆ ದಾರಿ, ಹಳ್ಳ, ಸ್ಮಶಾನದಂತೆ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು. ಅದು ಖಾತೆದಾರರದ್ದಲ್ಲ. ವಾಡಿ, ಶಹಾಬಾದ್ ಸುತ್ತ ನೆಲದಡಿ ಸುಣ್ಣದ ಕಲ್ಲು, ಮೇಲೆಯೇ ಪರ್ಸಿಯ ಪದರು. ಸಿಮೆಂಟು ಕಾರ್ಖಾನೆಗಳಿರುವ ಇಂಥ ಕಡೆ ಜಮೀನಿನ ವ್ಯವಹಾರ ಗುಂಟೆಗಳಲ್ಲಿ ನಡೆಯುತ್ತದೆ, ಒಂದೊಂದು ಗುಂಟೆಗೂ ಬೆಲೆಯಿದೆ. ಅಲ್ಲಿ ‘ವಿಸ್ತೀರ್ಣ’ ಎಂದು ಒಂದೇ ಅಂಕಿ ಬರೆದುಕೊಟ್ಟರೆ ಅದು ಒಟ್ಟೋ, ಖರಾಬ್ ಕಳೆದದ್ದೋ, ಒಬ್ಬರ ಪಾಲೋ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ನಾಲ್ಕೂ ಅಂಕಿಗಳನ್ನು ಬರೆದು, 9ನೇ ಕಾಲಂನ ಪಾಲುಗಳನ್ನು ಪ್ರತ್ಯೇಕವಾಗಿ ಬರೆಯಬೇಕು.

ಎರಡು ತಾಳೆಗಳು ಪುಟದಲ್ಲೇ ಇವೆ. ಒಟ್ಟಿನಿಂದ ಎರಡೂ ಖರಾಬ್ ಕಳೆದರೆ ಉಳಿದದ್ದು ಬರಬೇಕು. 9ನೇ ಕಾಲಂನ ಪಾಲುಗಳನ್ನು ಕೂಡಿದರೆ ಅದೇ ಉಳಿದದ್ದು ಬರಬೇಕು. ಮೊದಲನೆಯ ತಾಳೆಯನ್ನು ಸಾಮಾನ್ಯವಾಗಿ ನಂಬಬಹುದು. ಎರಡನೆಯದನ್ನು ಕಣ್ಣುಮುಚ್ಚಿ ನಂಬುವಂತಿಲ್ಲ, ಏಕೆಂದರೆ 3 ಮತ್ತು 9ನೇ ಕಾಲಂ ಹೊಂದದ ಪಹಣಿಗಳು ನಿಜವಾಗಿಯೂ ಇವೆ. ಕಂದಾಯ ಇಲಾಖೆ ಅದಾಲತ್ ನಡೆಸಿ ಸರಿಪಡಿಸುವ ದೋಷಗಳಲ್ಲಿ ಇದೂ ಒಂದು.

ಹೆಸರು ಇದ್ದಂತೆಯೇ ಬರಬೇಕು

ಕಲಬುರಗಿ ಸೀಮೆಯಲ್ಲಿ ಹಣಮಂತ ಎಂಬುದೇ ಹೆಸರು. ಅದನ್ನು ಹನುಮಂತ ಎಂದು ‘ಸರಿ’ಪಡಿಸಿದರೆ ಆಧಾರ್‌ಗೂ ಪಹಣಿಗೂ ಹೊಂದದ ಮೂರನೆಯ ಹೆಸರು ಹುಟ್ಟುತ್ತದೆ. ಭೀಮಶಾ, ಭೀಮಶ್ಯಾ, ಭೀಮಶಪ್ಪ ಒಂದೇ ಮನೆಯಲ್ಲಿ ಮೂವರು ಇರಬಹುದು. ಕಾಗುಣಿತ ತಪ್ಪೆಂದು ತೋರಿದರೂ ಕಾಗದದಲ್ಲಿರುವುದನ್ನೇ ಬರೆಯಬೇಕು.

ಕನ್ನಡ ಅಕ್ಷರದಲ್ಲಿ ಮೊದಲು ಅಳಿಯುವುದು ಒತ್ತು. ಅದು ಸಾಲಿನ ಕೆಳಗೆ ಸಣ್ಣದಾಗಿ ಕೂತಿರುತ್ತದೆ, ಟೇಬಲ್ಲಿನ ಗೆರೆಗೆ ತಾಗಿರುತ್ತದೆ. ಶರಣಪ್ಪ ಮತ್ತು ಶರಣಮ್ಮ ನಡುವೆ ಕೊನೆಯ ಅಕ್ಷರ ಮಸುಕಾದರೆ ಇಡೀ ಹೆಸರೇ ಬದಲಾಗುತ್ತದೆ. ಇಲ್ಲಿ ಸಹಾಯಕ್ಕೆ ಬರುವುದು ಮುಂದಿನ ಪದ. ಈ ಭಾಗದ ಪಹಣಿಯಲ್ಲಿ ಸಂಬಂಧ ಹೇಳಲು ತಂದೆ ಅಥವಾ ಗಂಡ ಎಂದು ಬರೆದಿರುತ್ತಾರೆ. ಹಳೆ ಮೈಸೂರಿನ ಬಿನ್, ಕೋಂ ಇಲ್ಲಿ ಅಪರೂಪ. ಗಂಡ ಎಂದಿದ್ದರೆ ಹಿಂದಿನದು ಹೆಣ್ಣು ಹೆಸರು. ತಂದೆ ಎಂದಿದ್ದರೆ ಮಾತ್ರ ಏನೂ ತೀರ್ಮಾನವಾಗುವುದಿಲ್ಲ, ಏಕೆಂದರೆ ಮಗಳಿಗೂ ತಂದೆಯ ಹೆಸರೇ ಇರುತ್ತದೆ. ವ ಮತ್ತು ಪ, ದ ಮತ್ತು ಧ, ಬ ಮತ್ತು ಭ ಇವೂ ಬೇಗ ಗೊಂದಲಕ್ಕೆ ಬೀಳುವ ಜೋಡಿಗಳು.

ಒಂದೇ ಖಾತಾ ನಂಬರಿನಡಿ ಹಲವು ಹೆಸರು, ವಿಸ್ತೀರ್ಣ ಮಾತ್ರ ಒಂದೇ ಕಡೆ ಇದ್ದರೆ ಅದು ಜಂಟಿ ಖಾತೆ. ಆ ವಿಸ್ತೀರ್ಣವನ್ನು ಮೊದಲ ಹೆಸರಿಗೆ ಕೊಡಬಾರದು, ಸಮನಾಗಿ ಹಂಚಿ ಬರೆಯಲೂಬಾರದು. ‘ಜಂಟಿ’ ಎಂದು ಬರೆದು ಎಲ್ಲ ಹೆಸರನ್ನೂ ಒಟ್ಟಿಗೆ ಇಡಬೇಕು.

ಸಂಶಯದ ಗುರುತು

ಪ್ರತಿ ನಮೂದನ್ನೂ ಅದು ಎಲ್ಲಿಂದ ಬಂತು ಎಂಬುದರೊಂದಿಗೆ ಬರೆಯುವುದು ಈ ಕೆಲಸದ ತಿರುಳು. ಕಣ್ಣಿಗೆ ಸ್ಪಷ್ಟವಾಗಿ ಕಂಡದ್ದು ‘ಕಂಡದ್ದು’. ಮಸುಕಾಗಿದ್ದು ಪುಟದ ಲೆಕ್ಕದಿಂದ ಬಿಡಿಸಿಕೊಂಡದ್ದು ‘ಲೆಕ್ಕದಿಂದ’. ಬೇರೆ ದಾಖಲೆ ನೋಡಿ ಖಚಿತ ಮಾಡಿಕೊಂಡದ್ದು ‘ತಾಳೆ ನೋಡಿದ್ದು’. ಯಾವುದೂ ಆಗದಿದ್ದರೆ ‘ಸಂಶಯ’, ಕಾರಣದೊಂದಿಗೆ. ಎರಡು ಓದು ಸಾಧ್ಯವಿದ್ದರೆ ಎರಡನ್ನೂ ಬರೆಯಬೇಕು. ಏನೂ ಕಾಣದಿದ್ದರೆ ಆ ಜಾಗಕ್ಕೆ ಅಡ್ಡಗೆರೆ ಹಾಕಬೇಕು, ಖಾಲಿ ಬಿಡಬಾರದು. ಖಾಲಿ ಬಿಟ್ಟರೆ ಪಹಣಿಯಲ್ಲೇ ಏನೂ ಇಲ್ಲ ಎಂದು ಅರ್ಥವಾಗುತ್ತದೆ.

ಒಂದು ಮಾದರಿ

ಚಿತ್ತಾಪುರ ತಾಲ್ಲೂಕಿನ ಒಂದು ಪಹಣಿಯ ಫೋಟೋ ಬಂದಿದೆ ಎಂದುಕೊಳ್ಳೋಣ. ಹೆಸರು, ನಂಬರು ಎಲ್ಲವೂ ವಿವರಣೆಗಾಗಿ ಕಲ್ಪಿಸಿಕೊಂಡವು. ಮಡಿಕೆಯೊಂದು ಪುಟದ ನಡುವೆ ಹಾದಿದೆ. ಸರ್ವೆ ನಂಬರು 114 ಅಥವಾ 174, ಹಿಸ್ಸಾ 2 ಸ್ಪಷ್ಟ. ಒಟ್ಟು ವಿಸ್ತೀರ್ಣ 6.12, ಖರಾಬ್ ಅ 0.14, ಖರಾಬ್ ಬ 0.00. ಇವು ಮೂರೂ ಸ್ಪಷ್ಟ. ಉಳಿದದ್ದು 5.3 ವರೆಗೆ ಕಾಣುತ್ತದೆ, ಕೊನೆಯ ಅಂಕಿ 3 ಅಥವಾ 8. 9ನೇ ಕಾಲಂನಲ್ಲಿ ಹಣಮಂತ ತಂದೆ ಭೀಮಶಾ 2.20, ಎರಡನೆಯ ಸಾಲಿನಲ್ಲಿ ಶರಣ ಎಂದು ಶುರುವಾಗುವ ಹೆಸರು, ಮುಂದೆ ಗಂಡ ನಾಗಪ್ಪ, ವಿಸ್ತೀರ್ಣ 1.34 ಅಥವಾ 1.84, ಮೂರನೆಯವರು ಮಲ್ಲಪ್ಪ ತಂದೆ ಭೀಮಶಾ 1.24.

ಮೊದಲು 3ನೇ ಕಾಲಂ. 6 ಎಕರೆ 12 ಗುಂಟೆ ಎಂದರೆ 252 ಗುಂಟೆ. 14 ಕಳೆದರೆ 238, ಅಂದರೆ 5 ಎಕರೆ 38 ಗುಂಟೆ. ಮಸುಕಾದ ಅಂಕಿ 8 ಎಂದಾಯಿತು. ಕಂಡ ಎರಡು ಸಾಧ್ಯತೆಗಳಲ್ಲಿ ಒಂದಕ್ಕೆ ಲೆಕ್ಕ ಕೂಡಿದ್ದರಿಂದ ಇದನ್ನು ‘ಲೆಕ್ಕದಿಂದ’ ಎಂದು ಬರೆಯಬಹುದು.

ಎರಡನೆಯ ಪಾಲು. 1.84 ಗುಂಟೆಯ ನಿಯಮದಿಂದಲೇ ಬಿದ್ದುಹೋಯಿತು, ಉಳಿದದ್ದು 1.34. ಈಗ ಕೂಡಿ ನೋಡೋಣ: 2.20 ಎಂದರೆ 100 ಗುಂಟೆ, 1.34 ಎಂದರೆ 74, 1.24 ಎಂದರೆ 64. ಒಟ್ಟು 238. ಎರಡು ಬೇರೆ ಬೇರೆ ಆಧಾರಗಳು ಒಂದೇ ಉತ್ತರ ಕೊಟ್ಟವು, ಆದ್ದರಿಂದ ಈ ಓದು ಗಟ್ಟಿ. ಅಲ್ಲಿ ಕಂಡದ್ದು 1.14 ಅಥವಾ 1.34 ಆಗಿದ್ದರೆ ಗುಂಟೆಯ ನಿಯಮ ನೆರವಿಗೆ ಬರುತ್ತಿರಲಿಲ್ಲ. ಕೂಡುವ ಲೆಕ್ಕ ಒಂದನ್ನೇ ನಂಬಿ 34 ಎಂದು ಬರೆದರೆ, ಮೂಲ ಪಹಣಿಯಲ್ಲೇ 20 ಗುಂಟೆಯ ವ್ಯತ್ಯಾಸ ಇದ್ದಿದ್ದರೆ ಅದನ್ನು ನಾವೇ ಮುಚ್ಚಿಟ್ಟಂತಾಗುತ್ತಿತ್ತು. ಆಗ ಎರಡೂ ಓದನ್ನು ಬರೆದು ಸಂಶಯದಲ್ಲೇ ಇಡಬೇಕು.

ಹೆಸರಿಗೆ ‘ಗಂಡ’ ಎಂಬ ಪದ ಇರುವುದರಿಂದ ಶರಣಪ್ಪ ಅಲ್ಲ. ಆದರೆ ಅದು ಶರಣಮ್ಮ ಎಂದೇ ಆಗಬೇಕಿಲ್ಲ. ಶರಣವ್ವ, ಶರಣಬಾಯಿ ಕೂಡ ಇರಬಹುದು. ಇಲ್ಲಿ ಸಂಶಯ ಉಳಿಯುತ್ತದೆ. ಸರ್ವೆ ನಂಬರಿನದೂ ಉಳಿಯುತ್ತದೆ.

```
ಸರ್ವೆ ನಂ.      : 114 | 174     ಸಂಶಯ: ಮಡಿಕೆ
ಹಿಸ್ಸಾ          : 2             ಕಂಡದ್ದು
ಒಟ್ಟು           : 6 ಎ 12 ಗುಂ    ಕಂಡದ್ದು
ಖರಾಬ್ ಅ / ಬ    : 0-14 / 0-00   ಕಂಡದ್ದು
ಉಳಿದದ್ದು        : 5 ಎ 38 ಗುಂ    ಲೆಕ್ಕದಿಂದ
ಹಣಮಂತ ತಂದೆ ಭೀಮಶಾ  : 2 ಎ 20 ಗುಂ  ಕಂಡದ್ದು
ಶರಣ___ ಗಂಡ ನಾಗಪ್ಪ  : 1 ಎ 34 ಗುಂ  ಹೆಸರು ಸಂಶಯ, ವಿಸ್ತೀರ್ಣ ಲೆಕ್ಕದಿಂದ
ಮಲ್ಲಪ್ಪ ತಂದೆ ಭೀಮಶಾ : 1 ಎ 24 ಗುಂ  ಕಂಡದ್ದು
```

ಈ ಎರಡು ಸಂಶಯಗಳನ್ನು ಬಿಡಿಸಲು landrecords.karnataka.gov.in ತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆಯ್ದು 114/*/2 ಮತ್ತು 174/*/2 ಎರಡನ್ನೂ ತೆರೆದು ನೋಡಬೇಕು. ಒಟ್ಟು 6.12 ಮತ್ತು ಹಣಮಂತ ತಂದೆ ಭೀಮಶಾ ಎರಡೂ ಇರುವ ಪುಟವೇ ನಮ್ಮದು. ಎರಡನೆಯವರ ಪೂರ್ತಿ ಹೆಸರೂ ಅಲ್ಲೇ ಸಿಗುತ್ತದೆ. ಆದರೆ ಫೋಟೋದ ಪಹಣಿ ಯಾವ ವರ್ಷದ್ದು ಎಂಬುದನ್ನು ಗಮನಿಸಿ ಅದೇ ಸಾಲಿನ ಪುಟ ತೆರೆಯಬೇಕು. ಇವತ್ತಿನ ಪಹಣಿಯಲ್ಲಿ ಪಾಲಾಗಿ, ಮಾರಾಟವಾಗಿ ಹೆಸರು ಬೇರೆಯಾಗಿದ್ದರೆ ಅದು ಫೋಟೋದ ತಪ್ಪಲ್ಲ. ಹಾಗೆ ಬದಲಾಗಿದ್ದರೆ 10ನೇ ಕಾಲಂನ ಮ್ಯುಟೇಷನ್ ಸಂಖ್ಯೆ ಹಿಡಿದು ಆ ಪ್ರತಿ ತೆಗೆಸಿದರೆ ಹೆಸರು ಹೇಗೆ ಬದಲಾಯಿತೆಂದು ತಿಳಿಯುತ್ತದೆ.

ಯಂತ್ರಕ್ಕೆ ಓದಿಸುವಾಗ

ನೂರಾರು ಪಹಣಿಗಳಿದ್ದರೆ ಟೆಸೆರಾಕ್ಟ್‌ನಂಥ ಉಚಿತ ತಂತ್ರಾಂಶದಿಂದ ಓದಿಸಬಹುದು, ಅದರಲ್ಲಿ ಕನ್ನಡವಿದೆ. ಇಡೀ ಪುಟ ಕೊಟ್ಟರೆ ಕಾಲಂಗಳ ಗೆರೆಯನ್ನೂ ಅಕ್ಷರವೆಂದು ತಿಳಿದು ಒಂದು ಕಾಲಂನ ಅಂಕಿಯನ್ನು ಇನ್ನೊಂದಕ್ಕೆ ಸೇರಿಸುತ್ತದೆ. ಆದ್ದರಿಂದ ಫೋಟೋವನ್ನು ನೇರ ಮಾಡಿ, ಕಾಲಂವಾರು ಕತ್ತರಿಸಿ ಕೊಡಬೇಕು:

```
tesseract col9.png col9 -l kan+eng --psm 6 tsv
```

ಹೊರಬರುವ ಕಡತದಲ್ಲಿ ಪ್ರತಿ ಪದದ ಪಕ್ಕ `conf` ಎಂಬ ಅಂಕಿ ಇರುತ್ತದೆ, 100ಕ್ಕೆ ಹತ್ತಿರವಾದಷ್ಟೂ ಯಂತ್ರಕ್ಕೆ ಧೈರ್ಯ ಹೆಚ್ಚು. ಅದು ಕಡಿಮೆ ಇರುವ ಪದಗಳನ್ನು ಮನುಷ್ಯರು ನೋಡಲೇಬೇಕು. ಹೆಚ್ಚಿರುವುದೆಲ್ಲ ಸರಿ ಎಂದೂ ಅಲ್ಲ: ಶಾಯಿ ಕಡಿಮೆಯಾಗಿ ಅರ್ಧ ಮಾಸಿದ 8ನ್ನು ಅದು ಪೂರ್ತಿ ಧೈರ್ಯದಿಂದ 3 ಎಂದು ಓದಬಲ್ಲದು. ಹಾಗಾಗಿ ಅಂಕಿಗಳಿಗೆ ಗುಂಟೆಯ ನಿಯಮ ಮತ್ತು ಮೇಲಿನ ಎರಡು ತಾಳೆಗಳನ್ನು ತಪ್ಪದೆ ಓಡಿಸಿ, ಹೊಂದದ ಪುಟಗಳನ್ನು ಬೇರೆ ಇಡಬೇಕು.

ನಿಜಾಮರ ಕಾಲದ ಕಾಗದ

ಈ ತಾಲ್ಲೂಕುಗಳೆಲ್ಲ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಮನೆಯ ಟ್ರಂಕಿನಿಂದ ಹೊರಬರುವ ಹಳೆಯ ಪ್ರತಿಗಳಲ್ಲಿ ಉರ್ದು ಬರಹವಿರುತ್ತದೆ, ವರ್ಷ ಫಸಲಿಯಲ್ಲಿರುತ್ತದೆ. ಫಸಲಿಗೆ 590 ಕೂಡಿದರೆ ಸುಮಾರಾಗಿ ನಮ್ಮ ಇಸವಿ ಬರುತ್ತದೆ. ಉರ್ದು ಅಂಕಿಯಲ್ಲಿ ಸೊನ್ನೆ ಎಂದರೆ ಒಂದು ಸಣ್ಣ ಚುಕ್ಕೆ. ಫೋಟೋದಲ್ಲಿ ಆ ಚುಕ್ಕೆ ಕಾಣದೆ ಹೋದರೆ 20 ಗುಂಟೆ 2 ಗುಂಟೆಯಾಗುತ್ತದೆ, ಕಾಗದದ ಕಲೆ ಚುಕ್ಕೆಯಂತೆ ಕಂಡರೆ 2 ಗುಂಟೆ 20 ಆಗುತ್ತದೆ. ಅದರ 2 ಮತ್ತು 3 ನಡುವೆ ಮೇಲಿನ ಒಂದು ಹಲ್ಲಿನಷ್ಟೇ ವ್ಯತ್ಯಾಸ. ಕನ್ನಡ ಕೈಬರಹದ ಪಹಣಿಗಳಲ್ಲಿ ೦ ಮತ್ತು ೧, ೬ ಮತ್ತು ೯ ಇದೇ ರೀತಿ ಕಾಡುತ್ತವೆ. ಇಂಥ ಪುಟಗಳನ್ನು ಆ ಲಿಪಿ ಬಲ್ಲ ಇಬ್ಬರು ಬೇರೆ ಬೇರೆಯಾಗಿ ಓದಿ, ಇಬ್ಬರ ಓದು ಕೂಡಿದ್ದನ್ನು ಮಾತ್ರ ‘ಕಂಡದ್ದು’ ಎಂದು ಬರೆಯಬೇಕು.

ಫೋಟೋದ ದೋಷವೋ ದಾಖಲೆಯ ದೋಷವೋ

ಸಂಶಯದ ಗುರುತು ಹಾಕಿದ ಮೇಲೆ ಅದು ಯಾರಿಂದ ಬಗೆಹರಿಯಬೇಕು ಎಂಬುದನ್ನೂ ಬರೆದರೆ ಮುಂದಿನವರಿಗೆ ಅಲೆದಾಟ ತಪ್ಪುತ್ತದೆ. ಮಡಿಕೆ, ನೆರಳು, ಕತ್ತರಿಸಿಹೋದ ಅಂಚು ಇವೆಲ್ಲ ಫೋಟೋದ ದೋಷ. ಇನ್ನೊಂದು ಫೋಟೋ ಅಥವಾ ಹೊಸ ಪ್ರತಿ ತೆಗೆಸಿದರೆ ಮುಗಿಯಿತು. ಪಹಣಿ ಸ್ಪಷ್ಟವಾಗಿದ್ದೂ 3 ಮತ್ತು 9ನೇ ಕಾಲಂ ಹೊಂದದಿದ್ದರೆ, ತೀರಿಕೊಂಡವರ ಹೆಸರೇ ಮುಂದುವರಿದಿದ್ದರೆ, ತಂದೆಯ ಹೆಸರು ತಪ್ಪಾಗಿ ಕೂತಿದ್ದರೆ ಅದು ದಾಖಲೆಯ ದೋಷ. ವಿಸ್ತೀರ್ಣದ ವ್ಯತ್ಯಾಸಕ್ಕೆ ಭೂಮಾಪನ ಇಲಾಖೆಯ ಆಕಾರಬಂದ್ ತೆಗೆಸಿ ಒಟ್ಟು ಮತ್ತು ಖರಾಬ್ ಎರಡನ್ನೂ ಹೋಲಿಸಬೇಕು. ಪಹಣಿಯ ನಮೂದು ಸುಳ್ಳೆಂದು ಸಾಬೀತಾಗುವವರೆಗೆ ನಿಜವೆಂದೇ ಭಾವಿಸಬೇಕೆಂದು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಂ ಹೇಳುತ್ತದೆ. ಹೀಗಾಗಿ ಬರೆದುಕೊಳ್ಳುವವರು ತಮ್ಮ ಪಟ್ಟಿಯಲ್ಲಿ ಅದನ್ನು ತಿದ್ದಿಬಿಟ್ಟರೆ ಪ್ರಯೋಜನವಿಲ್ಲ, ಪಹಣಿಯಲ್ಲಿ ತಪ್ಪು ಹಾಗೆಯೇ ಉಳಿದಿರುತ್ತದೆ. ತಿದ್ದುಪಡಿಗೆ ಗ್ರಾಮ ಆಡಳಿತ ಅಧಿಕಾರಿಯ ವರದಿಯೊಂದಿಗೆ ತಹಶೀಲ್ದಾರರಿಗೆ ಅರ್ಜಿ ಕೊಡಬೇಕು. ಮ್ಯುಟೇಷನ್ ಆದೇಶದ ಬಗ್ಗೆಯೇ ತಕರಾರಿದ್ದರೆ 136ನೇ ಕಲಮಿನಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬೇಕು. ಅರ್ಜಿಯ ಜೊತೆ ಫೋಟೋ ಇಡಬಾರದು. ಹೊಸದಾಗಿ ತೆಗೆಸಿದ ಪಹಣಿ, ಆಕಾರಬಂದ್ ಮತ್ತು ಮ್ಯುಟೇಷನ್ ಪ್ರತಿ ಇಡಬೇಕು.